ಬುಧವಾರ ರಾತ್ರಿಯ ಸರಪಳಿ

ತರಬೇತಿಯ ಮೂರನೆಯ ದಿನ ನಾನು ಕುರ್ಚಿ ಬದಲಾಯಿಸುತ್ತೇನೆ. ಎರಡು ದಿನ ಬೋರ್ಡಿನ ಪಕ್ಕ ನಿಂತು ಪಾಠ ಹೇಳಿದವಳು ಅಂದು ಚಿಕಿತ್ಸೆಗೆ ಬಂದವಳ ಜಾಗದಲ್ಲಿ ಕೂರುತ್ತೇನೆ. ಎದುರಿನ ಕುರ್ಚಿಯಲ್ಲಿ ಹೊಸ ಥೆರಪಿಸ್ಟ್ ಒಬ್ಬರು, ಸುತ್ತ ಅವರ ಜೊತೆಗಾರರು. ಅವತ್ತಿನ ಮಟ್ಟಿಗೆ ನನ್ನ ಹೆಸರು ಸುಮಾ. ವಯಸ್ಸು 23. ಹಾಸನದ ಕಡೆಯ ಹುಡುಗಿ, ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸ, ಪಿಜಿಯಲ್ಲಿ ವಾಸ. ಕಳೆದ ಬುಧವಾರ ರಾತ್ರಿ ಸುಮಾ ತನ್ನನ್ನು ತಾನೇ ಗಾಯ ಮಾಡಿಕೊಂಡಿದ್ದಾಳೆ. ಇಂಥ ಸುಮಾ ಎಲ್ಲೂ ಇಲ್ಲ, ಕಲಿಸಲಿಕ್ಕೆಂದೇ ನಾನು ಹೆಣೆದ ಪಾತ್ರ ಅವಳು. ಗಾಯ ಹೇಗಾಯಿತು ಎಂಬ ವಿವರ ಈ ಬರಹಕ್ಕೆ ಬೇಡ. ಅದರ ಹಿಂದಿನ ಎರಡು ಗಂಟೆಯ ವಿವರ ಮಾತ್ರ ಬೇಕು.

ಹೊಸಬರ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಯಾವಾಗಲೂ ಒಂದೇ.

"ಯಾಕೆ ಹಾಗೆ ಮಾಡ್ಕೊಂಡ್ರಿ ಸುಮಾ?"

"ಗೊತ್ತಿಲ್ಲ. ಅಮ್ಮ ಫೋನ್ ಮಾಡಿದ್ರು, ಜಗಳ ಆಯ್ತು. ಇದ್ದಕ್ಕಿದ್ದಂತೆ ಏನೋ ಆಗ್ಹೋಯ್ತು."

ಅವರು ತಲೆಯಾಡಿಸಿ ಪುಸ್ತಕದಲ್ಲಿ 'ಅಮ್ಮನ ಜೊತೆ ಜಗಳ' ಎಂದು ಬರೆದುಕೊಳ್ಳುತ್ತಾರೆ. ಅಮ್ಮನ ಜೊತೆ ಹೇಗೆ ಮಾತಾಡಬೇಕು ಅನ್ನುವುದರ ಕಡೆಗೆ ಹೊರಳುತ್ತಾರೆ. ಅಲ್ಲಿಗೆ ನಾನು ಪಾತ್ರ ಬಿಟ್ಟು ಎದ್ದು ಬೋರ್ಡಿನ ಮೇಲೆ ಎರಡು ಪದ ಬರೆಯುತ್ತೇನೆ. ಒಂದು 'ಯಾಕೆ', ಇನ್ನೊಂದು 'ಇದ್ದಕ್ಕಿದ್ದಂತೆ'. ಇನ್ನು ಮುಂದೆ ಮೊದಲನೆಯದನ್ನು ನೀವು ಕೇಳುವಂತಿಲ್ಲ, ಎರಡನೆಯದನ್ನು ಕೇಳಿದರೆ ಒಪ್ಪುವಂತಿಲ್ಲ ಎನ್ನುತ್ತೇನೆ. ಡಿಬಿಟಿ ಎಂಬ ಚಿಕಿತ್ಸೆಯಲ್ಲಿ ಹೊಸಬರಿಗೆ ಅತಿ ಕಷ್ಟವಾದ ಪಾಠ ಶುರುವಾಗುವುದು ಇಲ್ಲಿಂದಲೇ.

ಡಿಬಿಟಿ ಅಂದರೆ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ. ಇದನ್ನು ರೂಪಿಸಿದವರು ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್. ಪದೇ ಪದೇ ಸಾಯುವ ಯೋಚನೆ ಮಾಡುವವರಿಗೆ, ತಮ್ಮನ್ನು ತಾವೇ ಗಾಯಗೊಳಿಸಿಕೊಳ್ಳುವವರಿಗೆ ಆವರೆಗಿನ ಮಾತಿನ ಚಿಕಿತ್ಸೆಗಳು ಸಾಲುತ್ತಿರಲಿಲ್ಲ. ಬದಲಾಗು ಎಂದರೆ 'ನನ್ನ ನೋವು ಇವರಿಗೆ ಅರ್ಥವಾಗಿಲ್ಲ' ಎಂದು ಅವರು ಎದ್ದು ಹೋಗುತ್ತಿದ್ದರು. ಬರೀ ಅರ್ಥಮಾಡಿಕೊಂಡು ಕೂತರೆ ನೋವು ಹಾಗೇ ಉಳಿಯುತ್ತಿತ್ತು. ನೀನು ಇರುವ ಹಾಗೆಯೇ ನಿನ್ನನ್ನು ಒಪ್ಪುತ್ತೇನೆ, ಆದರೂ ನೀನು ಬದಲಾಗಲೇಬೇಕು ಎಂಬ ಎರಡು ಎದುರುಬದುರು ಮಾತುಗಳನ್ನು ಒಂದೇ ಉಸಿರಿನಲ್ಲಿ ಹಿಡಿಯುವ ದಾರಿಯನ್ನು ಲಿನೆಹನ್ ಹುಡುಕಿದರು. ಹೆಸರಿನಲ್ಲಿರುವ 'ಡಯಲೆಕ್ಟಿಕಲ್' ಪದದ ಅರ್ಥ ಅದು. 1991ರಲ್ಲಿ ಅವರ ಮೊದಲ ದೊಡ್ಡ ಅಧ್ಯಯನ, 1993ರಲ್ಲಿ ಪಠ್ಯಪುಸ್ತಕ ಬಂತು. 2011ರಲ್ಲಿ, ತಾವು 17ನೇ ವಯಸ್ಸಿನಲ್ಲಿ ರೋಗಿಯಾಗಿ ಸೇರಿದ್ದ ಹಾರ್ಟ್‌ಫೋರ್ಡ್‌ನ ಆಸ್ಪತ್ರೆಗೇ ಹೋಗಿ, ಚಿಕ್ಕಂದಿನಲ್ಲಿ ತಾವೂ ಹೀಗೆಯೇ ಗಾಯ ಮಾಡಿಕೊಳ್ಳುತ್ತಿದ್ದುದನ್ನು ಲಿನೆಹನ್ ಬಹಿರಂಗವಾಗಿ ಹೇಳಿದರು.

ಈ ಚಿಕಿತ್ಸೆಯಲ್ಲಿ ವಾರಕ್ಕೊಮ್ಮೆ ಒಬ್ಬರೇ ಥೆರಪಿಸ್ಟ್ ಎದುರು ಕೂರುವುದಿದೆ, ವಾರಕ್ಕೊಮ್ಮೆ ಗುಂಪಿನಲ್ಲಿ ಕೌಶಲ ಕಲಿಯುವ ತರಗತಿಯಿದೆ, ಬಿಕ್ಕಟ್ಟಿನ ಹೊತ್ತಿನಲ್ಲಿ ಫೋನ್ ಮಾಡಿ 'ಈಗ ಯಾವ ಕೌಶಲ ಬಳಸಲಿ' ಎಂದು ಕೇಳುವ ಅವಕಾಶವಿದೆ. ಥೆರಪಿಸ್ಟ್‌ಗಳು ತಮ್ಮತಮ್ಮಲ್ಲೇ ಸೇರಿ ಒಬ್ಬರನ್ನೊಬ್ಬರು ತಿದ್ದುವ ವಾರದ ಸಭೆಯೂ ಚಿಕಿತ್ಸೆಯ ಭಾಗವೇ. ಬಂದವರು ಪ್ರತಿದಿನ ಒಂದು ಡೈರಿ ಕಾರ್ಡ್ ತುಂಬುತ್ತಾರೆ. ಅದರಲ್ಲಿ ಗಾಯ ಮಾಡಿಕೊಂಡ ಗುರುತು ಕಂಡರೆ ಆ ವಾರದ ಮಾತು ಅಲ್ಲಿಂದಲೇ ಶುರುವಾಗಬೇಕು. ಆಫೀಸು, ಮದುವೆ, ಸಾಲ ಎಲ್ಲವೂ ಆಮೇಲೆ. ಆ ಮಾತಿಗೆ ಬಳಸುವ ಸಾಧನವೇ ಚೈನ್ ಅನಾಲಿಸಿಸ್, ನಮ್ಮ ಮಾತಿನಲ್ಲಿ ಸರಪಳಿ ವಿಶ್ಲೇಷಣೆ.

ಸರಪಳಿಗೆ ಕೈಹಾಕುವ ಮೊದಲು ಎರಡು ಪ್ರಶ್ನೆ ಮುಗಿದಿರಬೇಕು. ಗಾಯಕ್ಕೆ ವೈದ್ಯರ ಆರೈಕೆ ಆಗಿದೆಯೇ? ಈಗ, ಈ ಹೊತ್ತಿನಲ್ಲಿ, ಸಾಯಬೇಕೆಂಬ ಮನಸ್ಸಿದೆಯೇ? ಸುತ್ತಿಬಳಸದೆ ಹೀಗೇ ಕೇಳಬೇಕು. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ಹೊಸಬರು ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದ್ದರಿಂದ ಎದುರಿನವರ ಎದೆಯ ಭಾರ ಇಳಿಯುವುದೇ ಹೆಚ್ಚು. ಆ ಮನಸ್ಸು ಇದೆ ಎಂದರೆ ಅಂದು ಸರಪಳಿ ಪಕ್ಕಕ್ಕೆ. ಆ ರಾತ್ರಿಯನ್ನು ಸುರಕ್ಷಿತವಾಗಿ ದಾಟಿಸುವ ಯೋಜನೆ ಮೊದಲು. ಸುಮಾಗೆ ಸಾಯುವ ಮನಸ್ಸಿರಲಿಲ್ಲ, 'ತಲೆಯೊಳಗಿನ ಗದ್ದಲ ನಿಲ್ಲಬೇಕಿತ್ತು' ಅಷ್ಟೆ. ಹಾಗೆಂದು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಇಂದು ಸಾಯುವ ಇರಾದೆಯಿಲ್ಲದೆ ಗಾಯ ಮಾಡಿಕೊಳ್ಳುವವರಿಗೂ ಮುಂದೆ ಆತ್ಮಹತ್ಯೆಯ ಅಪಾಯ ಇತರರಿಗಿಂತ ಹೆಚ್ಚು.

ಈಗ ಮತ್ತೆ ಕುರ್ಚಿಗೆ ಬರುತ್ತೇನೆ. ಈ ಸಲ ಥೆರಪಿಸ್ಟ್ ಕೇಳುವ ಪ್ರಶ್ನೆ ಒಂದೇ: "ಆಮೇಲೆ ಏನಾಯ್ತು?"

ಅಮ್ಮನ ಫೋನ್ ಬಂದದ್ದು ರಾತ್ರಿ 8.40ಕ್ಕೆ. ಮದುವೆಯ ಮಾತು, ಅದೇ ಹಳೆಯ ಜಗಳ. 8.50ಕ್ಕೆ ಫೋನ್ ಇಟ್ಟಾಯಿತು. ಆಮೇಲೆ? ಸ್ವಲ್ಪ ಅತ್ತಳು. ದುಃಖ ನೂರಕ್ಕೆ ಎಷ್ಟಿತ್ತು? ಐವತ್ತು ಇರಬಹುದು. ಆಮೇಲೆ? ರೂಮ್‌ಮೇಟ್‌ಗೆ 'ಊಟಕ್ಕೆ ಹೋಗೋಣ್ವಾ' ಎಂದು ಮೆಸೇಜ್ ಹಾಕಿದಳು. ನೀಲಿ ಗೆರೆ ಎರಡೂ ಬಂದವು, ಉತ್ತರ ಬರಲಿಲ್ಲ. 9.20ಕ್ಕೆ ಅದೇ ಗೆಳತಿಯ ಸ್ಟೇಟಸ್ ಕಂಡಿತು. ಮೂವರು ಹುಡುಗಿಯರು, ಹೋಟೆಲಿನ ಟೇಬಲ್, ನಗು. ಆಗ ಮೈಯಲ್ಲಿ ಏನಾಯ್ತು? ಎದೆ ಬಿಗಿಯಿತು, ಕಿವಿ ಬಿಸಿಯಾಯಿತು. ಮನಸ್ಸಿನಲ್ಲಿ ಯಾವ ಮಾತು ಬಂತು? 'ನಾನು ಯಾರಿಗೂ ಬೇಡ.' ಅದರ ಬೆನ್ನಿಗೇ ಇನ್ನೊಂದು, 'ಇಷ್ಟಕ್ಕೇ ಹೀಗಾಗ್ತೀನಲ್ಲ, ನಾನೇ ಸರಿಯಿಲ್ಲ.' ಮೊದಲನೆಯದರಲ್ಲಿ ದುಃಖವಿತ್ತು. ಎರಡನೆಯದರಲ್ಲಿ ನಾಚಿಕೆ, ತನ್ನ ಬಗ್ಗೆ ತನಗೇ ಹೇಸಿಗೆ. ಅದು ನೂರಕ್ಕೆ ಎಂಬತ್ತು.

ಆಮೇಲೆ ಲೈಟ್ ಆರಿಸಿದಳು, ಫೋನ್ ಸ್ವಿಚ್ ಆಫ್ ಮಾಡಿದಳು, ಗೋಡೆಯ ಕಡೆ ತಿರುಗಿ ಮಲಗಿದಳು. 9.50ರ ಹೊತ್ತಿಗೆ 'ಮಾಡ್ಕೊಂಡ್ರೆ ನಿಲ್ಲುತ್ತೆ' ಎಂಬ ಯೋಚನೆ ಬಂತು. 10.10ಕ್ಕೆ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡಳು. ಗಾಯವಾಯಿತು. ಕೆಲವೇ ನಿಮಿಷಗಳಲ್ಲಿ ತಲೆಯೊಳಗಿನ ಗದ್ದಲ ನಿಂತಿತು. 10.40ಕ್ಕೆ ರೂಮ್‌ಮೇಟ್ ಬಂದಳು, ನೋಡಿ ಅತ್ತಳು, ರಾತ್ರಿಯಿಡೀ ಕೈಹಿಡಿದು ಕೂತಳು. ಮರುದಿನ ಮಧ್ಯಾಹ್ನಕ್ಕೆ ಅಮ್ಮ ಬಸ್ಸಿನಲ್ಲಿ ಬಂದಿಳಿದರು. ಮದುವೆಯ ಮಾತೆತ್ತಲಿಲ್ಲ.

ಹಿಂದಿನ ಎರಡು ದಿನಗಳನ್ನೂ ಕೇಳಬೇಕು. ಸೋಮವಾರ, ಮಂಗಳವಾರ ನೈಟ್ ಶಿಫ್ಟ್, ಸರಿಯಾದ ನಿದ್ದೆಯಿಲ್ಲ. ಬುಧವಾರ ಮಧ್ಯಾಹ್ನ ಊಟವನ್ನೂ ಮಾಡಿರಲಿಲ್ಲ. ಇವು ಸರಪಳಿಯ ಕೊಂಡಿಗಳಲ್ಲ, ಸರಪಳಿ ಬಿದ್ದಿದ್ದ ನೆಲ. ಚೆನ್ನಾಗಿ ನಿದ್ದೆಮಾಡಿ ಎದ್ದ ದಿನ ಅದೇ ಸ್ಟೇಟಸ್ ಅಷ್ಟು ಚುಚ್ಚದಿರಬಹುದಿತ್ತು.

ಈಗ ತರಗತಿಗೆ ಕೇಳುತ್ತೇನೆ: ಈ ಸರಪಳಿಗೆ ಕಿಡಿ ಹೊತ್ತಿಸಿದ್ದು ಯಾವುದು?

ಹೆಚ್ಚಿನವರು ಈಗಲೂ 'ಅಮ್ಮನ ಫೋನ್' ಎನ್ನುತ್ತಾರೆ. ಅದನ್ನು ಪರೀಕ್ಷಿಸುವ ದಾರಿ ಸುಲಭ. ಆ ಘಟನೆ ಆಗದೇ ಇದ್ದಿದ್ದರೆ ಅಂದು ಗಾಯ ಆಗುತ್ತಿತ್ತೇ ಎಂದು ಸುಮಾಳನ್ನೇ ಕೇಳಬೇಕು. ಅಮ್ಮನ ಜೊತೆ ಇಂಥ ಜಗಳ ವಾರಕ್ಕೊಮ್ಮೆ ಆಗುತ್ತದೆ, ಬೇರೆ ವಾರಗಳಲ್ಲಿ ಅತ್ತು ಮಲಗಿದ್ದಾಳೆ. ಆ ರಾತ್ರಿ ಬೇರೆಯಾದದ್ದು 9.20ಕ್ಕೆ. ಮೊದಲ ಉತ್ತರವನ್ನೇ ನಂಬಿದ್ದರೆ ಥೆರಪಿಸ್ಟ್ ನಾಲ್ಕು ವಾರ ಅಮ್ಮನ ಜೊತೆ ಮಾತಾಡುವುದನ್ನೇ ಕಲಿಸುತ್ತಿದ್ದರು. ಐದನೆಯ ವಾರ ಮತ್ತೊಂದು ಸ್ಟೇಟಸ್ ಬಂದಾಗ ಸುಮಾಳ ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ಸರಪಳಿ ಪೂರ್ತಿಯಾಯಿತು ಎಂದು ತಿಳಿಯುವುದು ಹೇಗೆ? ನಾನು ಹೇಳುವ ಅಳತೆ ಒಂದೇ. ಆ ಎರಡು ಗಂಟೆಯನ್ನು ಒಬ್ಬ ನಟಿಗೆ ಕೊಟ್ಟರೆ ನಿಮ್ಮ ಟಿಪ್ಪಣಿ ನೋಡಿಕೊಂಡು ಅವಳು ಅಭಿನಯಿಸಬಲ್ಲಳೇ? ಎಲ್ಲಿ ಅವಳು ನಿಂತು 'ಇಲ್ಲಿಂದ ಅಲ್ಲಿಗೆ ಹೇಗೆ ಹೋದೆ' ಎಂದು ಕೇಳುತ್ತಾಳೋ ಅಲ್ಲಿ ಕೊಂಡಿ ಬಿಟ್ಟುಹೋಗಿದೆ. 'ಇದ್ದಕ್ಕಿದ್ದಂತೆ' ಎಂಬ ಪದ ಬಂದಲ್ಲೆಲ್ಲ ಒಂದೆರಡು ಕೊಂಡಿ ಅಡಗಿಕೊಂಡಿರುತ್ತದೆ. ಸುಮಾಳ ವಿಷಯದಲ್ಲಿ ಅಡಗಿದ್ದು ಆ ಎರಡನೆಯ ಯೋಚನೆ, 'ನಾನೇ ಸರಿಯಿಲ್ಲ'. ದುಃಖವನ್ನು ಅವಳು ತಾಳಿಕೊಂಡಿದ್ದಳು. ತಾಳಲಾಗದೇ ಹೋದದ್ದು ದುಃಖಪಟ್ಟಿದ್ದಕ್ಕೆ ಹುಟ್ಟಿದ ನಾಚಿಕೆಯನ್ನು.

ಇಷ್ಟು ಬಿಡಿಸಿ ಕೇಳುವಾಗ ಹೊಸಬರು ಒಂದು ಹಳ್ಳಕ್ಕೆ ಬೀಳುತ್ತಾರೆ. ಪ್ರಶ್ನೆಗಳು ಪೊಲೀಸ್ ಠಾಣೆಯ ಪ್ರಶ್ನೆಗಳಾಗಿಬಿಡುತ್ತವೆ. ಎದುರಿನವರು ಒಂದೊಂದೇ ಪದದಲ್ಲಿ ಉತ್ತರಿಸಲು ಶುರುಮಾಡಿದರೆ, ಕಣ್ಣು ನೆಲಕ್ಕೆ ನೆಟ್ಟರೆ, ಹಾಗಾಗಿದೆ ಎಂದೇ ತಿಳಿಯಬೇಕು. ಅದಕ್ಕೆ ಮದ್ದು, ನಡುನಡುವೆ ಅವರ ಅನುಭವದಲ್ಲಿ ನಿಜವಾದದ್ದನ್ನು ಎತ್ತಿ ಹೇಳುವುದು. "ನಿದ್ದೆಯಿಲ್ಲ, ಹೊಟ್ಟೆಗಿಲ್ಲ, ಈಗಷ್ಟೇ ಅತ್ತಿದ್ದೀರಿ. ಆಗ ಗೆಳತಿ ನಿಮ್ಮನ್ನು ಬಿಟ್ಟು ಹೋದದ್ದು ಕಂಡರೆ ಎದೆ ಬಿಗಿಯದೇ ಇರುತ್ತಾ?" ಹೀಗೆನ್ನುವಾಗ ಥೆರಪಿಸ್ಟ್ ಒಪ್ಪಿದ್ದು ನೋವನ್ನು. 'ನಾನು ಯಾರಿಗೂ ಬೇಡ' ಎಂಬ ತೀರ್ಮಾನವನ್ನು ಒಪ್ಪಿಲ್ಲ, ಗಾಯವನ್ನೂ ಒಪ್ಪಿಲ್ಲ. ಮನೆಯಲ್ಲಿ ಚಿಕ್ಕಂದಿನಿಂದ 'ಇಷ್ಟಕ್ಕೆಲ್ಲ ಅಳ್ತಾರಾ' ಎಂದೇ ಕೇಳಿಸಿಕೊಂಡವರಿಗೆ ಆ ಒಂದು ಮಾತು ಮುಂದಿನ ಹತ್ತು ಪ್ರಶ್ನೆಗಳಿಗೆ ದಾರಿ ಬಿಡಿಸುತ್ತದೆ. ಹುಟ್ಟಿನಿಂದ ತೀವ್ರವಾದ ಭಾವನೆಗಳು, ಅವನ್ನು ಸುಳ್ಳೆಂದೇ ತಳ್ಳಿಹಾಕುವ ವಾತಾವರಣ, ಇವೆರಡೂ ವರ್ಷಗಟ್ಟಲೆ ಒಂದನ್ನೊಂದು ಕೆಣಕಿದಾಗ ಈ ತೊಂದರೆ ಬೇರೂರುತ್ತದೆ ಎಂಬುದು ಲಿನೆಹನ್ ಅವರ ಸಿದ್ಧಾಂತ.

ಇನ್ನೊಂದು ತಪ್ಪು ಸೌಜನ್ಯದ ಹೆಸರಿನಲ್ಲಿ ಆಗುತ್ತದೆ. ಗಾಯದವರೆಗೆ ಬಂದ ಥೆರಪಿಸ್ಟ್ ಅಲ್ಲಿಗೇ ನಿಲ್ಲುತ್ತಾರೆ. ಆಮೇಲೆ ಏನಾಯಿತು ಎಂದು ಕೇಳಿದರೆ 'ನಾಟಕ ಮಾಡಿದಿರಿ' ಎಂದ ಹಾಗಾಗುತ್ತದೆಂಬ ಅಳುಕು. ಆದರೆ ಈ ನಡವಳಿಕೆ ಮತ್ತೆ ಮತ್ತೆ ಬರಲು ಕಾರಣ ಇರುವುದೇ ಅಲ್ಲಿ. ಕೆಲವೇ ನಿಮಿಷಗಳಲ್ಲಿ ಗದ್ದಲ ನಿಂತಿತು. ಅದು ಮೊದಲ ಪ್ರತಿಫಲ. ಉತ್ತರಿಸದ ಗೆಳತಿ ಕೈಹಿಡಿದು ಕೂತಳು, ಜಗಳವಾಡಿದ ಅಮ್ಮ ಸುಮ್ಮನೆ ತಲೆ ಸವರಿದರು. ಅದು ಎರಡನೆಯದು. ಸುಮಾ ಇದನ್ನು ಲೆಕ್ಕ ಹಾಕಿ ಮಾಡಿದಳೆಂದು ಇದರ ಅರ್ಥವಲ್ಲ. ಬೆನ್ನಿಗೇ ನೆಮ್ಮದಿ ಸಿಕ್ಕ ಕೆಲಸವನ್ನು ಮೈಮನಸ್ಸು ಕೇಳದೆಯೇ ಕಲಿತುಬಿಡುತ್ತವೆ. ಅವಳು ತೆತ್ತ ಬೆಲೆಯೂ ಅದೇ ಸರಪಳಿಯಲ್ಲಿದೆ. ಎರಡು ದಿನದ ರಜೆ, ಸೆಕೆಯಲ್ಲೂ ಉದ್ದ ತೋಳಿನ ಅಂಗಿ, ಈಗ ಅವಳೊಡನೆ ಹೆದರಿ ಹೆದರಿ ಮಾತಾಡುವ ರೂಮ್‌ಮೇಟ್, ಇನ್ನಷ್ಟು ನಾಚಿಕೆ. ನೆಮ್ಮದಿ ತಕ್ಷಣ ಬರುತ್ತದೆ, ಬೆಲೆ ನಿಧಾನವಾಗಿ ಏರುತ್ತದೆ. ಇವೆರಡನ್ನೂ ಒಂದೇ ಹಾಳೆಯಲ್ಲಿ ಬರೆದು ಸುಮಾಳಿಗೆ ತೋರಿಸಬೇಕು.

ಇಷ್ಟಾದ ಮೇಲೆ ಪರಿಹಾರ. ಎಲ್ಲ ಕೊಂಡಿಗಳನ್ನೂ ಒಂದೇ ದಿನ ಮುರಿಯಲಾಗುವುದಿಲ್ಲ. ಎರಡು ಮೂರನ್ನು ಆರಿಸಿಕೊಳ್ಳಬೇಕು. ಯಾವ ಕೊಂಡಿಗೆ ಯಾವ ಕೌಶಲ ಎಂಬುದರಲ್ಲಿ ಥೆರಪಿಸ್ಟ್‌ನ ಜಾಣ್ಮೆ ಗೊತ್ತಾಗುತ್ತದೆ.

9.20ರ ಹೊತ್ತಿಗೆ 'ಕಂಡದ್ದೇನು, ಸೇರಿಸಿದ್ದೇನು' ಎಂದು ಬೇರ್ಪಡಿಸುವ ಕೌಶಲ ಹೊಂದುತ್ತದೆ. ಕಂಡದ್ದು ಮೂವರು ಊಟಕ್ಕೆ ಕೂತ ಚಿತ್ರ. 'ಯಾರಿಗೂ ಬೇಡ' ಎಂಬುದು ಅವಳು ಸೇರಿಸಿಕೊಂಡದ್ದು. ಲೈಟ್ ಆರಿಸಿದ ಗಳಿಗೆಗೆ ಭಾವನೆಯ ವಿರುದ್ಧ ದಿಕ್ಕಿಗೆ ಹೆಜ್ಜೆ ಹಾಕುವ ಕೌಶಲ. ನಾಚಿಕೆ ಅಡಗಿಕೊ ಎನ್ನುತ್ತದೆ, ಆದ್ದರಿಂದ ಎದ್ದು ಜನರಿರುವ ಹಾಲ್‌ಗೆ ಹೋಗಬೇಕು. ಆದರೆ 9.50ಕ್ಕೆ ಇವೆರಡೂ ಕೆಲಸ ಮಾಡುವುದಿಲ್ಲ. ಸಂಕಟ ಎಂಬತ್ತು ದಾಟಿದ ಮೇಲೆ ಯೋಚಿಸಿ ಬಳಸುವ ಕೌಶಲ ಕೈಗೆ ಸಿಗುವುದಿಲ್ಲ. ಆಗ ಮೈಯ ಮೂಲಕವೇ ಹೋಗಬೇಕು. ಬಾಗಿ, ಉಸಿರು ಹಿಡಿದು, ತಣ್ಣೀರಿನ ಪಾತ್ರೆಯಲ್ಲಿ ಮುಖವನ್ನು ಮೂವತ್ತು ಸೆಕೆಂಡ್‌ವರೆಗೆ ಅದ್ದುವುದು ಅಂಥ ಒಂದು ಕೌಶಲ. ನೀರಿಗೆ ಮುಳುಗಿದಾಗ ಎದೆಬಡಿತ ತಾನಾಗಿ ನಿಧಾನವಾಗುವ ಸಹಜ ಗುಣ ನಮ್ಮ ಮೈಯಲ್ಲಿದೆ, ಇದು ಅದನ್ನೇ ಬಳಸಿಕೊಳ್ಳುತ್ತದೆ. ಹೃದಯದ ತೊಂದರೆ ಇರುವವರು, ಎದೆಬಡಿತ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು, ಊಟ ಬಿಡುವ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು. ಇದರಿಂದ ಸಿಗುವುದು ಕೆಲವು ನಿಮಿಷಗಳ ಬಿಡುವು. ಆ ಬಿಡುವಿನಲ್ಲಿ ಮುಂದಿನ ಹೆಜ್ಜೆ ಇಡಬೇಕು.

ಇಲ್ಲಿಗೆ ಬಂದಾಗ ಹೊಸ ಥೆರಪಿಸ್ಟ್ ಖುಷಿಯಿಂದ "ಹಾಗಾದ್ರೆ ಮುಂದಿನ ಸಲ ಐಸ್ ನೀರು ಬಳಸ್ತೀರಲ್ವಾ?" ಎನ್ನುತ್ತಾರೆ. ಸುಮಾ "ಹೂಂ" ಎನ್ನುತ್ತಾಳೆ. ನಾನು ಮತ್ತೆ ಪಾತ್ರ ಬಿಟ್ಟು ಏಳುತ್ತೇನೆ. ಆ 'ಹೂಂ' ನಂಬಬೇಡಿ, ಏನು ಅಡ್ಡ ಬರಬಹುದು ಕೇಳಿ ಎನ್ನುತ್ತೇನೆ.

ಕೇಳಿದಾಗ ಗೊತ್ತಾಗುತ್ತದೆ. ಪಿಜಿಯ ಫ್ರಿಜ್ ಇರುವುದು ಕೆಳಗಿನ ಅಡುಗೆಮನೆಯಲ್ಲಿ, ಒಂಬತ್ತೂವರೆಗೆ ಆಂಟಿ ಬೀಗ ಹಾಕುತ್ತಾರೆ. ಮುಖ ಅದ್ದುವ ಬಕೆಟ್ ಇರುವುದು ಅದೇ ಬಾತ್‌ರೂಮಿನಲ್ಲಿ, ಚಿಲಕ ಹಾಕಿಕೊಂಡ ಜಾಗದಲ್ಲಿ. ಯೋಜನೆ ಅಲ್ಲಿಗೇ ಮುರಿಯಿತು. ಹಾಗಾಗಿ ಹೊಸ ಯೋಜನೆ. ಸಂಜೆಯೇ ಥರ್ಮಾಸ್ ಫ್ಲಾಸ್ಕಿಗೆ ಐಸ್ ತುಂಬಿ ಮಂಚದ ಪಕ್ಕ ಇಡುವುದು. ಅಗಲ ಬಾಯಿಯ ಸ್ಟೀಲ್ ಪಾತ್ರೆಯೊಂದನ್ನು ರೂಮಿನಲ್ಲೇ ಇಟ್ಟುಕೊಳ್ಳುವುದು. ಗಾಯಕ್ಕೆ ಬಳಸಿದ ವಸ್ತುವನ್ನು ಇವತ್ತೇ ರೂಮಿನಿಂದ ಹೊರಹಾಕುವುದು, ಯಾರ ಕೈಗೆ ಕೊಡುತ್ತೀರಿ ಎಂಬುದನ್ನೂ ಮಾತಾಡಿ ಮುಗಿಸುವುದು. ಮುಖ ಒರೆಸಿಕೊಂಡ ಮೇಲೆ ಥೆರಪಿಸ್ಟ್‌ಗೆ ಫೋನ್ ಮಾಡುವುದು. ಇದನ್ನೆಲ್ಲ ಬಾಯಲ್ಲಿ ಹೇಳಿದರೆ ಸಾಲದು, ಅಲ್ಲೇ ಕೋಣೆಯಲ್ಲಿ ಪಾತ್ರೆ ತರಿಸಿ ಒಮ್ಮೆ ಮಾಡಿಸಬೇಕು. ಮಾಡದ ಕೌಶಲ ಸಂಕಟದ ಹೊತ್ತಿನಲ್ಲಿ ನೆನಪಿಗೆ ಬರುವುದಿಲ್ಲ.

ಫೋನಿನ ವಿಷಯಕ್ಕೆ ಪ್ರತಿ ತಂಡದಲ್ಲೂ ವಾದ ಏಳುತ್ತದೆ. ಡಿಬಿಟಿಯಲ್ಲಿ ಒಂದು ನಿಯಮವಿದೆ. ಗಾಯ ಮಾಡಿಕೊಂಡ ನಂತರದ 24 ಗಂಟೆ ಥೆರಪಿಸ್ಟ್ ಜೊತೆ ಹೆಚ್ಚುವರಿ ಫೋನ್ ಮಾತು ಇಲ್ಲ.

"ಮೇಡಂ, ಇದು ಕ್ರೂರ ಅಲ್ವಾ?" ಎಂದು ಒಬ್ಬರಾದರೂ ಕೇಳುತ್ತಾರೆ.

ಬುಧವಾರದ ಸರಪಳಿಯನ್ನು ಮತ್ತೆ ನೋಡಿ ಎನ್ನುತ್ತೇನೆ. ಕೈಹಿಡಿಯುವವರು ಬಂದದ್ದು ಗಾಯದ ನಂತರ. ನಾವೂ ಗಾಯದ ನಂತರವೇ ಹೆಚ್ಚು ಮಾತಾಡಿದರೆ ಅದೇ ಸರಪಳಿಗೆ ನಮ್ಮದೊಂದು ಕೊಂಡಿ ಸೇರಿಸಿದ ಹಾಗೆ. ನಮ್ಮ ಬಾಗಿಲು 9.50ಕ್ಕೆ ತೆರೆದಿರಬೇಕು, ರಾತ್ರಿ ಎಷ್ಟೇ ಹೊತ್ತಾಗಿರಲಿ. ಜೀವಕ್ಕೆ ಅಪಾಯವಿದ್ದಾಗ, ವೈದ್ಯರ ನೆರವು ಬೇಕಿದ್ದಾಗ ಈ ನಿಯಮ ಅಡ್ಡ ಬರುವುದಿಲ್ಲ, ನಿಗದಿಯಾದ ಭೇಟಿಯೂ ತಪ್ಪುವುದಿಲ್ಲ. ನಿಯಮವನ್ನು ಚಿಕಿತ್ಸೆಯ ಆರಂಭದಲ್ಲೇ ಕಾರಣ ಸಮೇತ ಹೇಳಿ ಒಪ್ಪಿಸಿರಬೇಕು. ಕೋಪದಲ್ಲಿ ಮರುದಿನ ಹೇಳಿದರೆ ಅದು ಶಿಕ್ಷೆಯಾಗುತ್ತದೆ.

ಅಮ್ಮ ಮತ್ತು ಗೆಳತಿಯ ಪಾಲಿಗೂ ಇದೇ ತತ್ವ. ಪ್ರೀತಿ ಕಡಿಮೆ ಮಾಡಿ ಎಂದು ನಾವು ಯಾರಿಗೂ ಹೇಳುವುದಿಲ್ಲ. ಆ ಪ್ರೀತಿ ಗಾಯವಿಲ್ಲದ ದಿನಗಳಿಗೂ ಹರಿಯಲಿ ಎನ್ನುತ್ತೇವೆ. ಸುಮಾ ಕಲಿಯಬೇಕಾದದ್ದು ಗೆಳತಿಯ ಎದುರು ಇಷ್ಟು ಹೇಳುವುದನ್ನು: "ನಿನ್ನೆ ಮೆಸೇಜ್ ನೋಡಿ ಉತ್ತರ ಕೊಡ್ಲಿಲ್ಲ, ನಂಗೆ ಬೇಜಾರಾಯ್ತು. ಬರೋಕಾಗಲ್ಲ ಅಂದ್ರೆ ಒಂದು ಮಾತು ಹಾಕು, ನಂಗೆ ಅಷ್ಟೇ ಸಾಕು." ಘಟನೆ, ಭಾವನೆ, ಬೇಡಿಕೆ ಮೂರೂ ಇದರಲ್ಲಿವೆ. ಆರೋಪ ಮಾತ್ರ ಇಲ್ಲ. ಇದನ್ನು ನಾವು ತರಗತಿಯಲ್ಲಿ ಐದಾರು ಸಲ ಆಡಿಸುತ್ತೇವೆ. ಮೊದಲ ಸಲ ದನಿ ನಡುಗುತ್ತದೆ. ಆರನೆಯ ಸಲಕ್ಕೆ ನಿಲ್ಲುತ್ತದೆ.

ಈ ವಿಧಾನದ ಮಿತಿಯನ್ನೂ ಹೊಸಬರಿಗೆ ಮೊದಲೇ ಹೇಳುತ್ತೇನೆ. 1991ರ ಅಧ್ಯಯನದಲ್ಲಿ ಒಂದು ವರ್ಷ ಡಿಬಿಟಿ ಪಡೆದ ಮಹಿಳೆಯರು, ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಕಡಿಮೆ ಸಲ ಗಾಯ ಮಾಡಿಕೊಂಡರು, ಚಿಕಿತ್ಸೆಯನ್ನು ನಡುವೆ ಬಿಟ್ಟವರೂ ಕಡಿಮೆ, ಆಸ್ಪತ್ರೆಯಲ್ಲಿ ಕಳೆದ ದಿನಗಳೂ ಕಡಿಮೆ. ಆದರೆ ಖಿನ್ನತೆ ಮತ್ತು ಹತಾಶೆಯ ಅಳತೆಯಲ್ಲಿ ಎರಡೂ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಅಂದರೆ ಮೊದಲು ನಿಲ್ಲುವುದು ಗಾಯ, ನೋವು ಅಷ್ಟು ಬೇಗ ನಿಲ್ಲುವುದಿಲ್ಲ. ಸುಮಾ ಎರಡನೆಯ ತಿಂಗಳು ಬಂದು "ಗಾಯ ಮಾಡ್ಕೊಂಡಿಲ್ಲ, ಆದ್ರೆ ಇನ್ನೂ ಅಷ್ಟೇ ಕಷ್ಟ ಆಗ್ತಿದೆ" ಎಂದರೆ ಚಿಕಿತ್ಸೆ ಸೋತಿದೆ ಎಂದಲ್ಲ. ಅಷ್ಟೇ ಕಷ್ಟದಲ್ಲಿ ಅವಳು ಬೇರೆ ದಾರಿ ಹಿಡಿದಿದ್ದಾಳೆ ಎಂದರ್ಥ. ಆ ಬೇರೆ ದಾರಿಯ ರಾತ್ರಿಗೂ ಹೀಗೇ ಒಂದು ಸರಪಳಿ ಬರೆಯಬೇಕು. 9.50ಕ್ಕೆ ಯೋಚನೆ ಬಂತು, ಆಮೇಲೆ ಏನು ಮಾಡಿದಿರಿ? ಗೆದ್ದ ರಾತ್ರಿಯ ಕೊಂಡಿಗಳನ್ನು ಕೇಳುವುದನ್ನು ಹೊಸಬರು ಮರೆಯುತ್ತಾರೆ.

ಓದುವವರ ಮನೆಯಲ್ಲೂ ಒಬ್ಬ ಸುಮಾ ಇರಬಹುದು. ಅವಳೆದುರು ಕೂತು ಸರಪಳಿ ಬಿಡಿಸಲು ಹೋಗಬೇಡಿ, ಅದು ಕಲಿತವರ ಕೆಲಸ. ಆದರೆ 'ಯಾಕೆ ಹೀಗೆ ಮಾಡ್ಕೊಂಡೆ' ಎಂಬ ಪ್ರಶ್ನೆಯನ್ನು, 'ಇಷ್ಟಕ್ಕೆಲ್ಲ' ಎಂಬ ಮಾತನ್ನು ಬಿಟ್ಟುಬಿಡಿ. ಗಾಯಕ್ಕೆ ಚಿಕಿತ್ಸೆ ಕೊಡಿಸಿ, ಗಾಯವಿಲ್ಲದ ಸಂಜೆಗಳಲ್ಲೂ ಪಕ್ಕದಲ್ಲಿ ಕೂತುಕೊಳ್ಳಿ. ಜೀವಕ್ಕೆ ಅಪಾಯವಿದೆ ಎನ್ನಿಸಿದರೆ ಒಬ್ಬರನ್ನೇ ಬಿಡದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಯಾರಿಗೆ ಹೇಳಬೇಕೆಂದು ತೋಚದ ರಾತ್ರಿ, ಅದು ಅವಳಿಗಾಗಲಿ ನಿಮಗಾಗಲಿ, ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಫೋನ್ ಮಾಡಿ. ಅದು ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು.